ಬಿಸಿಲಿಗೂ ಹಿಂದೆ, ಚಳಿಗೂ ಹಿಂದೆ

ಒಂದೇ ಅಂಗಡಿಯಲ್ಲಿ ಒಂದೇ ದಿನ ಕೊಂಡ ಒಂದೇ ಬಗೆಯ ಎರಡು ಕ್ವಾರ್ಟ್ಸ್ ಕೈಗಡಿಯಾರಗಳು. ಊರು ಕಲಬುರಗಿ. ಅಣ್ಣ ತನ್ನದನ್ನು ಹಗಲೂ ರಾತ್ರಿ ಕೈಯಲ್ಲೇ ಕಟ್ಟಿಕೊಂಡಿರುತ್ತಾನೆ. ತಮ್ಮ ಮಾತ್ರ ಹಬ್ಬಕ್ಕೋ ಮದುವೆಗೋ ಕಟ್ಟಿಕೊಂಡರಾಯಿತೆಂದು ತಗಡಿನ ಮಾಡಿನ ಕೋಣೆಯ ಪೆಟ್ಟಿಗೆಯಲ್ಲಿ ಇಟ್ಟುಬಿಟ್ಟಿದ್ದಾನೆ. ಮಾರ್ಚ್ ಒಂದರಂದು ಎರಡಕ್ಕೂ ಸರಿಯಾಗಿ ಹೊತ್ತು ಹೊಂದಿಸಲಾಗಿತ್ತು. ಮೇ ತಿಂಗಳ ಕೊನೆಗೆ ತೆಗೆದು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಪೆಟ್ಟಿಗೆಯಲ್ಲಿದ್ದದ್ದು ಸುಮಾರು ಅರ್ಧ ನಿಮಿಷ ಹಿಂದೆ!

ಮನೆಯವರೆಲ್ಲ ಮೊದಲು ಅನುಮಾನಿಸುವುದು ಸೆಲ್ಲನ್ನು. ಅದನ್ನು ಬದಲಿಸಿದ್ದಾಯಿತು, ದುಡ್ಡು ಕೊಟ್ಟದ್ದಾಯಿತು; ಮುಂದಿನ ಬೇಸಿಗೆಗೆ ಮತ್ತೆ ಅದೇ ಕತೆ. ಆಮೇಲಿನ ಅನುಮಾನ ಅಂಗಡಿಯವನ ಮೇಲೆ. 'ಒಂದು ಅಸಲಿ, ಇನ್ನೊಂದು ನಕಲಿ ಕೊಟ್ಟಿದ್ದಾನೆ' ಎಂಬ ತೀರ್ಮಾನ. ಪಾಪ, ಸೆಲ್ಲಿನದೂ ತಪ್ಪಿಲ್ಲ, ಅಂಗಡಿಯವನದೂ ತಪ್ಪಿಲ್ಲ. ಎರಡೂ ಗಡಿಯಾರಗಳು ತಮ್ಮ ಸ್ವಭಾವಕ್ಕೆ ತಕ್ಕಂತೆ ನಡೆದುಕೊಂಡಿವೆ, ಅಷ್ಟೆ. ಆ ಸ್ವಭಾವ ಎಂಥದು ಎಂದು ತಿಳಿಯಬೇಕಾದರೆ ಗಡಿಯಾರದ ಹಿಂಬದಿಯ ಮುಚ್ಚಳ ತೆಗೆದು ಒಳಗೆ ಇಣುಕಬೇಕು.

ಒಳಗೆ ಗುಂಡಿಯಂಥ ಸೆಲ್ಲು, ಒಂದು ಪುಟ್ಟ ತಾಮ್ರದ ಸುರುಳಿ, ಕೆಲವು ಹಲ್ಲಿನ ಚಕ್ರಗಳು ಕಾಣುತ್ತವೆ. ಇವುಗಳ ನಡುವೆ ಅಕ್ಕಿಕಾಳಿಗಿಂತ ಒಂದಿಷ್ಟು ದೊಡ್ಡದಾದ ಹೊಳೆಯುವ ಲೋಹದ ಕೊಳವೆ ಇರುತ್ತದೆ. ಗಡಿಯಾರದ ಹೊತ್ತೆಲ್ಲ ಅಡಗಿರುವುದು ಅದರೊಳಗೆ. ಕೊಳವೆಯಿಂದ ಗಾಳಿಯನ್ನು ತೆಗೆದುಹಾಕಿ ಬಿಗಿಯಾಗಿ ಮುಚ್ಚಿರುತ್ತಾರೆ. ಅದರೊಳಗಿರುವುದು ಒಂದು ಶ್ರುತಿಕವೆ. ಪ್ರಯೋಗಶಾಲೆಯಲ್ಲಿ ರಬ್ಬರಿನ ತುಂಡಿಗೆ ಬಡಿದು ಕಿವಿಯ ಬಳಿ ಹಿಡಿಯುತ್ತೀರಲ್ಲ, ಅದೇ ಎರಡು ಕವಲಿನ ಆಕಾರ. ಆದರೆ ಇದು ಉಕ್ಕಿನದಲ್ಲ, ಉದ್ದ ಕೆಲವೇ ಮಿಲಿಮೀಟರು, ಮಾಡಿರುವುದು ಬೆಣಚುಕಲ್ಲಿನಿಂದ. ಹೊಲದ ಬದುವಿನಲ್ಲಿ ಬಿಳಿಯಾಗಿ ಹೊಳೆಯುವ ಬೆಣಚುಕಲ್ಲಿಗೇ ಇಂಗ್ಲಿಷಿನಲ್ಲಿ ಕ್ವಾರ್ಟ್ಸ್ ಎಂದು ಹೆಸರು. ಗಡಿಯಾರಕ್ಕೆ ಹೊಲದ ಕಲ್ಲು ಆಗುವುದಿಲ್ಲ. ಅದಕ್ಕೆ ಬೇಕಾದ ದೋಷವಿಲ್ಲದ ಹರಳನ್ನು ಹೆಚ್ಚಿನ ಒತ್ತಡ ಮತ್ತು ತಾಪದಲ್ಲಿ ಕಾರ್ಖಾನೆಯಲ್ಲೇ ವಾರಗಟ್ಟಲೆ ಬೆಳೆಸುತ್ತಾರೆ.

ಕಲ್ಲೇ ಏಕೆ ಬೇಕು? ಈ ಹರಳಿಗೆ ಒಂದು ವಿಚಿತ್ರ ಗುಣವಿದೆ. ಅದನ್ನು ಒತ್ತಿದರೆ ಅಥವಾ ಬಗ್ಗಿಸಿದರೆ ಅದರ ಮೈಮೇಲೆ ವಿದ್ಯುತ್ ಹುಟ್ಟುತ್ತದೆ. ಇದನ್ನು ಫ್ರಾನ್ಸಿನ ಅಣ್ಣತಮ್ಮಂದಿರಾದ ಜಾಕ್ ಕ್ಯೂರಿ ಮತ್ತು ಪಿಯರ್ ಕ್ಯೂರಿ 1880ರಲ್ಲಿ ಕಂಡುಹಿಡಿದರು. (ಈ ಪಿಯರ್ ಕ್ಯೂರಿಯೇ ಮುಂದೆ ಮೇರಿ ಕ್ಯೂರಿಯ ಪತಿಯಾದವನು.) ಅದರ ಮರುವರ್ಷವೇ ಇದರ ತಿರುವುಮುರುವೂ ನಿಜವೆಂದು ಗೊತ್ತಾಯಿತು: ಹರಳಿಗೆ ವಿದ್ಯುತ್ ಕೊಟ್ಟರೆ ಅದು ಕೂದಲೆಳೆಗಿಂತ ಎಷ್ಟೋ ಕಡಿಮೆ ದೂರ ಬಾಗುತ್ತದೆ.

ಈಗ ಗಡಿಯಾರದೊಳಗಿನ ಆಟ ನೋಡಿ. ಕವೆಯ ಮೈಗೆ ಚಿನ್ನ ಅಥವಾ ಬೆಳ್ಳಿಯ ತೆಳುವಾದ ಲೇಪ ಕೊಟ್ಟು ಎರಡು ತಂತಿ ಜೋಡಿಸಿರುತ್ತಾರೆ. ಮಂಡಲದಿಂದ ವಿದ್ಯುತ್ ಬಂದಾಗ ಎರಡು ಕವಲುಗಳೂ ಬಾಗುತ್ತವೆ. ಒಮ್ಮೆ ಹತ್ತಿರಕ್ಕೆ, ಒಮ್ಮೆ ದೂರಕ್ಕೆ. ಬಾಗಿದ ಹರಳು ತಾನೇ ಒಂದು ಸಣ್ಣ ವಿದ್ಯುತ್ತನ್ನು ಹಿಂದಕ್ಕೆ ಕಳಿಸುತ್ತದೆ. ಮಂಡಲ ಅದನ್ನು ಹಿಗ್ಗಿಸಿ ಸರಿಯಾದ ಕ್ಷಣಕ್ಕೆ ಮತ್ತೆ ಕವೆಗೆ ಕೊಡುತ್ತದೆ. ಉಯ್ಯಾಲೆಯಲ್ಲಿ ಕೂತ ಮಗು ತನ್ನ ಕಡೆಗೆ ಬಂದಾಗಲೆಲ್ಲ ತಾಯಿ ಮೆಲ್ಲಗೆ ನೂಕುವ ಹಾಗೆ. ಉಯ್ಯಾಲೆ ಎಷ್ಟು ಹೊತ್ತಿಗೊಮ್ಮೆ ಬರಬೇಕೆಂಬುದನ್ನು ನಿರ್ಧರಿಸುವುದು ತಾಯಿಯಲ್ಲ, ಉಯ್ಯಾಲೆಯ ಹಗ್ಗ. ಇಲ್ಲಿಯೂ ವೇಗವನ್ನು ನಿರ್ಧರಿಸುವುದು ಸೆಲ್ಲಲ್ಲ, ಕವೆ. ಎರಡು ಕವಲುಗಳು ಒಂದಕ್ಕೊಂದು ಎದುರುಬದುರಾಗಿ ಆಡುವುದರಿಂದ ಬುಡ ಅಲುಗಾಡುವುದಿಲ್ಲ. ಹೀಗಾಗಿ ಶಕ್ತಿ ಸೋರಿಹೋಗುವುದು ಅತಿ ಕಡಿಮೆ. ಒಂದು ಪುಟ್ಟ ಸೆಲ್ಲು ವರ್ಷಗಟ್ಟಲೆ ಬಾಳುವುದಕ್ಕೆ ಇದೂ ಒಂದು ಕಾರಣ.

ಈ ಕವೆ ಸೆಕೆಂಡಿಗೆ 32,768 ಸಲ ಕಂಪಿಸುವಂತೆ ಅದರ ಅಳತೆಯನ್ನು ಇಟ್ಟಿರುತ್ತಾರೆ. ಇದೆಂಥ ಸಂಖ್ಯೆ ಎನಿಸಬಹುದು. 2ನ್ನು 2ರಿಂದಲೇ ಗುಣಿಸುತ್ತ ಹೋಗಿ. ಹದಿನೈದು ಎರಡುಗಳ ಗುಣಲಬ್ಧ 32,768. ವಿದ್ಯುನ್ಮಂಡಲಕ್ಕೆ ಅತ್ಯಂತ ಸುಲಭವಾದ ಲೆಕ್ಕವೆಂದರೆ ಎರಡರಿಂದ ಭಾಗಿಸುವುದು; ಬಂದ ಮಿಡಿತಗಳಲ್ಲಿ ಒಂದು ಬಿಟ್ಟು ಒಂದನ್ನು ಮುಂದಕ್ಕೆ ಕಳಿಸಿದರೆ ಸಾಕು. 32,768 ಅರ್ಧವಾಗಿ 16,384, ಅದು 8,192, ಹೀಗೆ ಹದಿನೈದು ಮೆಟ್ಟಿಲು ಇಳಿದರೆ ಉಳಿಯುವುದು ಸೆಕೆಂಡಿಗೆ ಸರಿಯಾಗಿ ಒಂದು ಮಿಡಿತ. ಆ ಮಿಡಿತ ತಾಮ್ರದ ಸುರುಳಿಗೆ ಹೋಗಿ ಪುಟ್ಟ ಮೋಟಾರನ್ನು ಅರ್ಧ ಸುತ್ತು ತಿರುಗಿಸುತ್ತದೆ, ಸೆಕೆಂಡಿನ ಮುಳ್ಳು 'ಟಿಕ್' ಎಂದು ಒಂದು ಹೆಜ್ಜೆ ಇಡುತ್ತದೆ. 1969ರ ಡಿಸೆಂಬರ್ 25ರಂದು ಜಪಾನಿನ ಸೈಕೋ ಸಂಸ್ಥೆ ಮಾರಾಟಕ್ಕಿಟ್ಟ ಮೊದಲ ಕ್ವಾರ್ಟ್ಸ್ ಕೈಗಡಿಯಾರದಲ್ಲಿ ಹರಳು ಸೆಕೆಂಡಿಗೆ 8,192 ಸಲ ಕಂಪಿಸುತ್ತಿತ್ತು. ಬೆಲೆ 4,50,000 ಯೆನ್. ಮುಂದೆ 32,768 ರೂಢಿಯಾಯಿತು. ಅದು ಮನುಷ್ಯನ ಕಿವಿಗೆ ಕೇಳಿಸುವ ಮಿತಿಯಾದ 20,000ವನ್ನು ದಾಟಿದ್ದು, ಸೆಲ್ಲನ್ನೂ ಬೇಗ ಖಾಲಿ ಮಾಡದು, ಕವೆಯೂ ಸಾಕಷ್ಟು ಚಿಕ್ಕದಾಗುತ್ತದೆ.

ಹಾಗಾದರೆ ಎಡವುವುದು ಎಲ್ಲಿ? ಭಾಗಾಕಾರದಲ್ಲಿ ತಪ್ಪಾಗುವುದಿಲ್ಲ. ಹದಿನೈದು ಮೆಟ್ಟಿಲೂ ಲೆಕ್ಕದ ಮಟ್ಟಿಗೆ ನಿಖರ. ಆದರೆ ಕವೆ 32,768ರ ಬದಲು ಸ್ವಲ್ಪ ನಿಧಾನವಾಗಿ ಕಂಪಿಸಿದರೆ ಗಡಿಯಾರಕ್ಕೆ ಅದು ಗೊತ್ತೇ ಆಗುವುದಿಲ್ಲ. 32,768 ಎಣಿಸಿದೆ, ಒಂದು ಸೆಕೆಂಡಾಯಿತು ಎಂದುಕೊಂಡುಬಿಡುತ್ತದೆ. ಕವೆಯ ವೇಗವನ್ನು ಕದಲಿಸುವುದರಲ್ಲಿ ತಾಪದ ಪಾತ್ರ ದೊಡ್ಡದು.

ಉಕ್ಕಿನ ಶ್ರುತಿಕವೆ ಬಿಸಿಯಾದರೆ ಉದ್ದವಾಗುತ್ತದೆ, ಜೊತೆಗೆ ಅದರ ಬಿಗಿತನವೂ ತುಸು ಕಡಿಮೆಯಾಗುತ್ತದೆ. ಬಿಗಿತನ ಕಡಿಮೆಯಾದರೆ ಕಂಪನ ನಿಧಾನ. ತಾಪ ಏರಿದಷ್ಟೂ ನಿಧಾನ, ಇಳಿದಷ್ಟೂ ಬೇಗ. ಬೆಣಚುಕಲ್ಲಿನ ಹರಳು ಇಷ್ಟು ಸರಳವಲ್ಲ. ಮರದ ಹಲಗೆಯನ್ನು ನೆನೆಯಿರಿ. ನಾರಿನ ಉದ್ದಕ್ಕೆ ಅದರ ಗುಣ ಒಂದು, ಅಡ್ಡಕ್ಕೆ ಇನ್ನೊಂದು. ಹಾಗೆಯೇ ಹರಳಿನಲ್ಲಿಯೂ ದಿಕ್ಕಿನಿಂದ ದಿಕ್ಕಿಗೆ ಗುಣ ಬೇರೆ. ಬಿಸಿಯಾದಾಗ ಕೆಲವು ಬಗೆಯ ಬಾಗುವಿಕೆಗೆ ಅದು ಮೆತ್ತಗಾಗುತ್ತದೆ. ಒಂದು ಬಗೆಯ ತಿರುಚುವಿಕೆಗೆ ಮಾತ್ರ, ಆಶ್ಚರ್ಯವೆಂಬಂತೆ, ಇನ್ನಷ್ಟು ಬಿಗಿಯಾಗುತ್ತದೆ! ಗಡಿಯಾರ ತಯಾರಕರು ಈ ಜಗಳವನ್ನೇ ತಮ್ಮ ಲಾಭಕ್ಕೆ ಬಳಸಿಕೊಂಡರು. ಹರಳನ್ನು ಒಂದು ನಿರ್ದಿಷ್ಟ ಓರೆಯಲ್ಲಿ ಕೊಯ್ದರೆ ಮೆತ್ತಗಾಗುವುದೂ ಬಿಗಿಯಾಗುವುದೂ ಒಂದನ್ನೊಂದು ಹೊಡೆದುಹಾಕುತ್ತವೆ.

ಆದರೆ ಅವು ಪೂರ್ತಿ ಹೊಡೆದುಹಾಕುವುದು ಒಂದೇ ಒಂದು ತಾಪದಲ್ಲಿ. ಕೈಗಡಿಯಾರದ ಕವೆಯಲ್ಲಿ ಅದು ಸುಮಾರು 25 ಡಿಗ್ರಿ ಸೆಲ್ಸಿಯಸ್ ಆಗುವಂತೆ ಕೊಯ್ತದ ಓರೆಯನ್ನು ಆರಿಸಿರುತ್ತಾರೆ. ಅಲ್ಲಿ ಕಂಪನ ಅತ್ಯಂತ ವೇಗ. ಅಲ್ಲಿಂದ ತಾಪ ಏರಿದರೂ ಕಂಪನ ನಿಧಾನ, ಇಳಿದರೂ ನಿಧಾನ. ಮೇಲಕ್ಕೆ ಓರೆಯಾಗಿ ಎಸೆದ ಚೆಂಡಿನ ದಾರಿಯನ್ನು ಹಾಳೆಯ ಮೇಲೆ ಬರೆದುಕೊಳ್ಳಿ. ತುತ್ತತುದಿಯಲ್ಲಿ ಗೆರೆ ಹೆಚ್ಚುಕಡಿಮೆ ಮಟ್ಟಸ. ಎರಡೂ ಪಕ್ಕಕ್ಕೆ ಹೋದಂತೆ ಇಳಿಜಾರು ಕಡಿದಾಗುತ್ತ ಹೋಗುತ್ತದೆ. ಗಣಿತದ ಪುಸ್ತಕದಲ್ಲಿ ಇದನ್ನು ಪರವಲಯ ಎನ್ನುತ್ತಾರೆ. ಕವೆಯ ವೇಗಕ್ಕೂ ತಾಪಕ್ಕೂ ಇರುವ ಸಂಬಂಧ ಇದೇ ಆಕಾರದ್ದು. ಹೀಗಾಗಿ ಹಳೆಯ ಲೋಲಕದ ಗಡಿಯಾರಕ್ಕೂ ಇದಕ್ಕೂ ದೊಡ್ಡ ವ್ಯತ್ಯಾಸ. ಉಕ್ಕಿನ ದಂಡದ ಲೋಲಕ 10 ಡಿಗ್ರಿ ಬಿಸಿಯಾದರೆ ದಿನಕ್ಕೆ ಸುಮಾರು 5 ಸೆಕೆಂಡು ಹಿಂದೆ ಬೀಳುತ್ತದೆ, 10 ಡಿಗ್ರಿ ತಣ್ಣಗಾದರೆ ಅಷ್ಟೇ ಮುಂದೋಡುತ್ತದೆ. ಬೇಸಿಗೆಯ ಸಾಲವನ್ನು ಅದು ಚಳಿಗಾಲದಲ್ಲಿ ತೀರಿಸುತ್ತದೆ. ಕ್ವಾರ್ಟ್ಸ್ ಗಡಿಯಾರ ಮಾಡುವ ಸಾಲ ಬಹಳ ಸಣ್ಣದು, ಆದರೆ ಅದನ್ನು ತೀರಿಸುವುದೇ ಇಲ್ಲ.

ಎಷ್ಟು ಸಣ್ಣದು? ಲೆಕ್ಕ ಸುಲಭ. 25 ಡಿಗ್ರಿಯಿಂದ ಎಷ್ಟು ಡಿಗ್ರಿ ದೂರವಿದೆ ಎಂದು ನೋಡಿ ಅದರ ವರ್ಗ ತೆಗೆದುಕೊಳ್ಳಿ. ಅದನ್ನು 0.034ರಿಂದ ಗುಣಿಸಿ. ಬಂದ ಉತ್ತರ ದಶಲಕ್ಷಕ್ಕೆ ಎಷ್ಟು ಭಾಗ ಹಿಂದೆ ಎಂಬುದನ್ನು ಹೇಳುತ್ತದೆ. ದಿನವೊಂದಕ್ಕೆ 86,400 ಸೆಕೆಂಡುಗಳಾದ್ದರಿಂದ, ದಶಲಕ್ಷಕ್ಕೆ ಒಂದು ಭಾಗವೆಂದರೆ ದಿನಕ್ಕೆ 0.0864 ಸೆಕೆಂಡು.

ಈಗ ಕಲಬುರಗಿಯ ಅಣ್ಣತಮ್ಮಂದಿರ ಗಡಿಯಾರಗಳಿಗೆ ಇದನ್ನು ಹಚ್ಚಿ ನೋಡೋಣ. ಅಣ್ಣನ ಗಡಿಯಾರ ಮೈಗೆ ಅಂಟಿಕೊಂಡಿದೆ. ಅದರ ತಾಪ ಹಗಲೂ ರಾತ್ರಿ 30 ಡಿಗ್ರಿಯ ಆಸುಪಾಸು ಎನ್ನೋಣ. 25ರಿಂದ ದೂರ 5, ವರ್ಗ 25, ಗುಣಿಸಿದರೆ 0.85 ಭಾಗ. ಅಂದರೆ ದಿನಕ್ಕೆ ಸುಮಾರು 0.07 ಸೆಕೆಂಡು. ತಮ್ಮನ ಗಡಿಯಾರ ತಗಡಿನ ಮಾಡಿನ ಕೆಳಗೆ ಹಗಲು 12 ಗಂಟೆ 40 ಡಿಗ್ರಿಯಲ್ಲೂ ರಾತ್ರಿ 12 ಗಂಟೆ 30 ಡಿಗ್ರಿಯಲ್ಲೂ ಕಳೆಯಿತೆನ್ನೋಣ. 40ಕ್ಕೆ ದೂರ 15, ವರ್ಗ 225, ಭಾಗ 7.65; ಇಡೀ ದಿನ ಹಾಗಿದ್ದರೆ 0.66 ಸೆಕೆಂಡು, ಅರ್ಧ ದಿನಕ್ಕೆ 0.33. ರಾತ್ರಿಯ ಪಾಲು 0.04 ಸೇರಿಸಿದರೆ ದಿನಕ್ಕೆ 0.37 ಸೆಕೆಂಡು. ಇಬ್ಬರ ನಡುವಿನ ಅಂತರ ದಿನಕ್ಕೆ 0.3 ಸೆಕೆಂಡು. ಬೇಸಿಗೆಯ 90 ದಿನಗಳಲ್ಲಿ ಅದು 27 ಸೆಕೆಂಡಾಯಿತು. ಅರ್ಧ ನಿಮಿಷದ ರಹಸ್ಯ ಇಷ್ಟೇ.

ಇಲ್ಲಿ ವಿದ್ಯಾರ್ಥಿಗಳು ಒಂದು ಕಡೆ ಜಾರುವ ಸಂಭವವಿದೆ. ತಾಪದ ಸರಾಸರಿ ತೆಗೆದು ಲೆಕ್ಕ ಹಾಕಿದರೆ ಆಗದೇ ಎಂದು ಕೇಳಬಹುದು. ಆಗುವುದಿಲ್ಲ. ಒಂದು ಗಡಿಯಾರ ಅರ್ಧ ದಿನ 40 ಡಿಗ್ರಿಯಲ್ಲೂ ಅರ್ಧ ದಿನ 10 ಡಿಗ್ರಿಯಲ್ಲೂ ಇತ್ತೆನ್ನಿ. ಸರಾಸರಿ 25. ಸರಾಸರಿಯನ್ನು ನಂಬಿದರೆ ಗಡಿಯಾರ ಒಂದಿಷ್ಟೂ ತಪ್ಪಬಾರದು. ನಿಜದಲ್ಲಿ ಎರಡೂ ಹೊತ್ತು ಅದು 25ರಿಂದ 15 ಡಿಗ್ರಿ ದೂರದಲ್ಲೇ ಇತ್ತು, ಎರಡೂ ಹೊತ್ತು ಹಿಂದೆಯೇ ಬಿತ್ತು, ದಿನಕ್ಕೆ 0.66 ಸೆಕೆಂಡು ಕಳೆದುಕೊಂಡಿತು. ವರ್ಗ ಮಾಡಿದಾಗ ಋಣಚಿಹ್ನೆ ಮಾಯವಾಗುತ್ತದೆ ಎಂದು ಬೀಜಗಣಿತದಲ್ಲಿ ಬಾಯಿಪಾಠ ಮಾಡಿದ್ದು ಇಲ್ಲಿ ಗಡಿಯಾರದ ಮುಳ್ಳಿನಲ್ಲೇ ಕಾಣಿಸುತ್ತದೆ.

ಕೈಗೆ ಕಟ್ಟಿದ ಗಡಿಯಾರ ಪೆಟ್ಟಿಗೆಯಲ್ಲಿದ್ದದ್ದಕ್ಕಿಂತ ಚೆನ್ನಾಗಿ ನಡೆಯುವುದು ಏಕೆಂದು ಈಗ ಹೊಳೆದಿರಬೇಕು. ಮನುಷ್ಯನ ಮೈ ಅದಕ್ಕೆ ಒಂದು ಉಚಿತ ಬೆಚ್ಚನೆಯ ಕೋಣೆ. ಹೊರಗೆ ಬಿಸಿಲಿರಲಿ ಚಳಿಯಿರಲಿ, ಮುಂಗೈಯ ತಾಪ ಅಷ್ಟಾಗಿ ಏರಿಳಿಯುವುದಿಲ್ಲ. ಲೇಹ್‌ನ ಚಳಿಗಾಲದಲ್ಲಿ ಕೋಟಿನ ತೋಳಿನೊಳಗಿರುವ ಗಡಿಯಾರ ಸುಖವಾಗಿರುತ್ತದೆ. ಅದನ್ನೇ ಬಿಚ್ಚಿ ಸೊನ್ನೆಗಿಂತ 10 ಡಿಗ್ರಿ ಕೆಳಗಿನ ಚಳಿಯಲ್ಲಿ ಹೊರಗಿಟ್ಟರೆ 25ರಿಂದ ದೂರ 35 ಡಿಗ್ರಿ, ದಿನಕ್ಕೆ 3.6 ಸೆಕೆಂಡು ಹಿಂದೆ!

'ನಮ್ಮ ಗಡಿಯಾರ ಹಿಂದೆ ಬೀಳುವುದಿಲ್ಲ, ಮುಂದೆ ಓಡುತ್ತದಲ್ಲ' ಎನ್ನುವವರೂ ಇದ್ದಾರೆ. ಅದೂ ಸರಿಯೇ. ತಾಪ ಗಡಿಯಾರವನ್ನು ಹಿಂದಕ್ಕೇ ಎಳೆಯುತ್ತದೆ, ಆದರೆ ಎಲ್ಲಿಂದ ಹಿಂದಕ್ಕೆ ಎಂಬುದು ಕಾರ್ಖಾನೆಯಲ್ಲಿ ಅದನ್ನು ಹೇಗೆ ಹೊಂದಿಸಿದ್ದಾರೆ ಎಂಬುದರ ಮೇಲೆ ನಿಂತಿದೆ. ಯಾವ ಎರಡು ಕವೆಗಳೂ ಕೊಯ್ದಾಗ ತದ್ರೂಪವಾಗಿರುವುದಿಲ್ಲ. ಮೃದಂಗದ ಎಡಮುಖಕ್ಕೆ ರವೆಯ ಬೋನ ಮೆತ್ತಿ ಶ್ರುತಿ ತಗ್ಗಿಸುವುದನ್ನು ನೀವು ಸಂಗೀತ ಕಚೇರಿಯಲ್ಲಿ ನೋಡಿರಬಹುದು. ಇಲ್ಲಿ ಅದರ ತದ್ವಿರುದ್ಧ. ಕವಲಿನ ತುದಿಯಲ್ಲಿರುವ ಲೋಹದ ಲೇಪವನ್ನು ಲೇಸರ್ ಕಿರಣದಿಂದ ಚೂರುಚೂರೇ ಆವಿ ಮಾಡಿ ಭಾರ ಇಳಿಸುತ್ತಾರೆ, ಶ್ರುತಿ ಏರುತ್ತದೆ. ಆಮೇಲೂ ಉಳಿದ ವ್ಯತ್ಯಾಸವನ್ನು ತೊಡೆಯಲು ಇನ್ನೊಂದು ಜಾಣತನವಿದೆ. ಕವೆಯನ್ನು ಬೇಕೆಂದೇ ತುಸು ವೇಗವಾಗಿ ಬಿಟ್ಟು, ನಿಮಿಷಕ್ಕೊಮ್ಮೆಯೋ ಏನೋ ಕೆಲವು ಮಿಡಿತಗಳನ್ನು ಎಣಿಕೆಗೆ ತೆಗೆದುಕೊಳ್ಳದಂತೆ ಮಂಡಲಕ್ಕೆ ಹೇಳಿಕೊಡುತ್ತಾರೆ. ನಿಮಿಷಕ್ಕೆ ಒಂದೇ ಒಂದು ಮಿಡಿತ ಬಿಟ್ಟರೂ ತಿಂಗಳಿಗೆ 1.3 ಸೆಕೆಂಡಿನಷ್ಟು ತಿದ್ದಿದಂತಾಗುತ್ತದೆ. ಹಳೆಯ ಗಡಿಯಾರಗಳಲ್ಲಿ ಇದೇ ಕೆಲಸಕ್ಕೆ ತಿರುಗಿಸುವ ಒಂದು ಪುಟ್ಟ ತಿರುಪು ಇರುತ್ತಿತ್ತು. ಇಷ್ಟಾದರೂ ಸಾಧಾರಣ ಗಡಿಯಾರಕ್ಕೆ ತಯಾರಕರು ತಿಂಗಳಿಗೆ 15-20 ಸೆಕೆಂಡಿನ ಹೆಚ್ಚುಕಡಿಮೆಯನ್ನು ಒಪ್ಪಿಕೊಂಡೇ ಮಾರುತ್ತಾರೆ. ಜೊತೆಗೆ ಹರಳಿಗೂ ವಯಸ್ಸಾಗುತ್ತದೆ. ವರ್ಷಗಳು ಕಳೆದಂತೆ ಅದರ ವೇಗ ತಾನಾಗಿಯೇ ಒಂದಿಷ್ಟು ಸರಿಯುತ್ತದೆ.

ತಾಪದ ಕಾಟದಿಂದ ಪಾರಾಗುವ ದಾರಿಯೂ ಇದೆ. ಬೆಲೆಬಾಳುವ ಕೆಲವು ಗಡಿಯಾರಗಳಲ್ಲಿ ಒಂದು ಪುಟ್ಟ ತಾಪಮಾಪಕವನ್ನೇ ಅಳವಡಿಸಿರುತ್ತಾರೆ. ಅದು ಆಗಾಗ್ಗೆ ತಾಪವನ್ನು ಅಳೆಯುತ್ತದೆ, ಪರವಲಯದ ಲೆಕ್ಕವನ್ನು ನೋಡಿಕೊಂಡು ಎಷ್ಟು ಮಿಡಿತ ಬಿಡಬೇಕೆಂದು ಮಂಡಲ ತೀರ್ಮಾನಿಸುತ್ತದೆ. ಇಂಥವು ವರ್ಷಕ್ಕೆ ಹತ್ತು ಸೆಕೆಂಡಿನೊಳಗೇ ನಿಲ್ಲುತ್ತವೆ. ಸಿಟಿಜನ್ ಸಂಸ್ಥೆ 2019ರಲ್ಲಿ ವರ್ಷಕ್ಕೆ ಒಂದು ಸೆಕೆಂಡು ಮಾತ್ರ ತಪ್ಪುವ ಕೈಗಡಿಯಾರ ತಂದಿತು. ಅದರಲ್ಲಿ ಶ್ರುತಿಕವೆಯೇ ಇಲ್ಲ. ಬೇರೆ ಓರೆಯಲ್ಲಿ ಕೊಯ್ದ, ಸೆಕೆಂಡಿಗೆ 83 ಲಕ್ಷಕ್ಕೂ ಮೀರಿ ಕಂಪಿಸುವ ಹರಳಿದೆ. ಇನ್ನು ಮೊಬೈಲ್ ಫೋನು ತಪ್ಪದೇ ಹೊತ್ತು ತೋರಿಸುತ್ತದಲ್ಲ ಎಂದರೆ, ಅದರೊಳಗಿನ ಹರಳು ತಪ್ಪದೇ ಇರುವುದಿಲ್ಲ. ಸಂಪರ್ಕ ಸಿಕ್ಕಾಗಲೆಲ್ಲ ಹೊರಗಿನ ನಿಖರವಾದ ಗಡಿಯಾರಗಳನ್ನು ಕೇಳಿ ತನ್ನನ್ನು ತಿದ್ದಿಕೊಳ್ಳುತ್ತದೆ. ಅದೊಂದು ರೀತಿ ಕಾಪಿ ಹೊಡೆಯುವ ಹುಡುಗ.

ಆ ಕಾಪಿ ಹೊಡೆಯುವ ಹುಡುಗನನ್ನೇ ಇಟ್ಟುಕೊಂಡು ಪರವಲಯವನ್ನು ಮನೆಯಲ್ಲೇ ಪರೀಕ್ಷಿಸಬಹುದು. ಸೆಕೆಂಡಿನ ಮುಳ್ಳಿರುವ ಅಗ್ಗದ ಒಂದು ಕ್ವಾರ್ಟ್ಸ್ ಟೈಂಪೀಸು ಸಾಕು. ಮೊದಲು ಅದನ್ನು ಬಿಸಿಲು ಬೀಳದ ಕೋಣೆಯಲ್ಲಿ ಹತ್ತು ದಿನ ಇಡಿ. ಮೊದಲ ದಿನ ಮತ್ತು ಕೊನೆಯ ದಿನ ಫೋನಿನ ಸೆಕೆಂಡಿಗೆ ಹೋಲಿಸಿ ಎಷ್ಟು ಮುಂದೆ ಅಥವಾ ಹಿಂದೆ ಎಂದು ಬರೆದಿಡಿ. ಕೋಣೆಯ ತಾಪವನ್ನೂ ಬರೆಯಿರಿ. ನಡುವೆ ಗಡಿಯಾರವನ್ನು ತಿದ್ದಕೂಡದು. ಆಮೇಲೆ ಅದನ್ನು ಗಾಳಿಯಾಡದಂತೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಫ್ರಿಜ್ಜಿನಲ್ಲಿ ಹತ್ತು ದಿನ ಇಡಿ. ಮಂಜುಗಡ್ಡೆಯ ಖಾನೆಯಲ್ಲಿ ಬೇಡ. ನೋಡುವಾಗ ಚೀಲದ ಹೊರಗಿನಿಂದಲೇ ನೋಡಿ. ಪ್ರಯೋಗ ಮುಗಿದ ಮೇಲೆ ಚೀಲ ಕೋಣೆಯ ತಾಪಕ್ಕೆ ಬರುವ ತನಕ ಬಿಚ್ಚಬೇಡಿ, ಇಲ್ಲವಾದರೆ ಒಳಗೆ ನೀರಿನ ಹನಿ ಕೂಡುತ್ತದೆ.

ಕೋಣೆ 25 ಡಿಗ್ರಿ, ಫ್ರಿಜ್ಜು 5 ಡಿಗ್ರಿ ಎಂದರೆ ಅಂತರ 20, ವರ್ಗ 400, ದಶಲಕ್ಷಕ್ಕೆ 13.6 ಭಾಗ, ದಿನಕ್ಕೆ ಸುಮಾರು 1.2 ಸೆಕೆಂಡು. ಹತ್ತು ದಿನಕ್ಕೆ 12 ಸೆಕೆಂಡು. ಗಡಿಯಾರ ಕೋಣೆಯಲ್ಲಿ ಹತ್ತು ದಿನಕ್ಕೆ 4 ಸೆಕೆಂಡು ಮುಂದೋಡುವಂಥದಾಗಿದ್ದರೆ ಫ್ರಿಜ್ಜಿನಲ್ಲಿ 8 ಸೆಕೆಂಡು ಹಿಂದೆ ಬೀಳಬೇಕು. ನೋಡಬೇಕಾದದ್ದು ಎರಡರ ನಡುವಿನ ವ್ಯತ್ಯಾಸವನ್ನು. ಕಣ್ಣಂದಾಜಿನಲ್ಲಿ ಅರ್ಧ ಸೆಕೆಂಡು ತಪ್ಪಿದರೂ 12ರ ಮುಂದೆ ಅದು ದೊಡ್ಡದಲ್ಲ. ಹತ್ತು ದಿನ ಕಾಯುವುದು ಇದಕ್ಕೇ. ಉತ್ತರ 10 ಅಥವಾ 14 ಬಂದರೆ ಗಾಬರಿ ಬೇಡ. ಬಾಗಿಲು ತೆರೆದು ಮುಚ್ಚುವ ಫ್ರಿಜ್ಜಿನ ತಾಪವೂ ಏರಿಳಿಯುತ್ತದೆ, ನಿಮ್ಮ ಗಡಿಯಾರದ ಹರಳಿನ ಶಿಖರ 25ರ ಬದಲು 23ಕ್ಕೋ 27ಕ್ಕೋ ಇದ್ದೀತು.

ಇಷ್ಟು ತಿಳಿದ ಮೇಲೆ ಅಪ್ಪ ಅಮ್ಮ ಮುಂದಿನ ಸಲ ಸೆಲ್ಲು ಬದಲಿಸಲು ಹೊರಡುವ ಮುಂಚೆ ಗಡಿಯಾರ ಎಷ್ಟು ತಪ್ಪಿದೆ ಎಂದು ನೋಡಬಹುದು. ತಿಂಗಳಿಗೆ ಕೆಲವು ಸೆಕೆಂಡುಗಳಾದರೆ ಅದು ಹರಳಿನ ಸ್ವಭಾವ, ಹೊಸ ಸೆಲ್ಲು ಹಾಕಿದರೆ ಹೋಗುವುದಿಲ್ಲ. ಸೆಲ್ಲು ಸೊರಗಿದಾಗ ಕವೆ ನಿಧಾನವಾಗುತ್ತ ಹೋಗುವುದಿಲ್ಲ. ಮೋಟಾರು ಹೆಜ್ಜೆ ತಪ್ಪುತ್ತದೆ, ಕೊನೆಗೆ ನಿಲ್ಲುತ್ತದೆ. ಅನೇಕ ಕೈಗಡಿಯಾರಗಳಲ್ಲಿ ಸೆಲ್ಲು ಮುಗಿಯುತ್ತ ಬಂದಾಗ ಸೆಕೆಂಡಿನ ಮುಳ್ಳು ಒಂದೊಂದರ ಬದಲು ಎರಡೆರಡೋ ನಾಲ್ಕುನಾಲ್ಕೋ ಸೆಕೆಂಡು ಒಟ್ಟಿಗೆ ಹಾರುವಂತೆ ಮಾಡಿರುತ್ತಾರೆ, ಅದೇ ಸೂಚನೆ. ದಿನಕ್ಕೆ ನಿಮಿಷಗಟ್ಟಲೆ ಹಿಂದೆ ಬೀಳುತ್ತಿದ್ದರೆ, ಇಂದು ಎರಡು ನಿಮಿಷ, ನಾಳೆ ಏನೂ ಇಲ್ಲ, ನಾಡಿದ್ದು ಐದು ನಿಮಿಷ ಎಂಬಂತಿದ್ದರೆ, ತಪ್ಪು ಸೆಲ್ಲಿನಲ್ಲೋ ಚಕ್ರಕ್ಕೆ ಸಿಕ್ಕಿದ ದೂಳಿನಲ್ಲೋ ಇದೆ. ಆಗ ರಿಪೇರಿಯವನ ಬಳಿ ಹೋಗಬೇಕು.